ಪ್ರತಿ ಹೆಜ್ಜೆಯಲ್ಲೂ ಪಾಸಾದ ಸಾಲ್ವರ್ ಕೊನೆಗೆ ದಾರಿ ತಪ್ಪಿದ್ದೇಕೆ?

ಪ್ರಶ್ನೆ: y' = 5(y − cos t) − sin t, y(0) = 1. ಇದರ ಉತ್ತರ cos t ಅಂತ ಕೈಯಲ್ಲೇ ಗೊತ್ತಾಗುತ್ತದೆ. ಇದನ್ನು SciPy ಯ solve_ivp ನ RK45 ಗೆ ಕೊಟ್ಟು, rtol = 1e-6 ಇಟ್ಟು t = 5 ರ ತನಕ ಓಡಿಸಿದೆ. ಕೊನೆಗೆ ಬಂದ ಸಂಖ್ಯೆ ಒಂದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ success: True ಅನ್ನುತ್ತದೆ. 5 ರ ಬದಲು −5 ಹಾಕಿದರೆ ಎಲ್ಲ ಸರಿ ಬರುತ್ತದೆ. ನಿಜವಾದ ಉತ್ತರ ಗೊತ್ತಿಲ್ಲದ ಸಾಲ್ವರ್ ತನ್ನ ತಪ್ಪನ್ನು ಅಳೆಯುವುದಾದರೂ ಹೇಗೆ? ಅಳೆಯುತ್ತದೆ ಅಂದಮೇಲೆ ಇಷ್ಟು ದೊಡ್ಡ ತಪ್ಪು ಅದರ ಕಣ್ಣಿಗೆ ಯಾಕೆ ಬೀಳಲಿಲ್ಲ?

ಉತ್ತರ: ಸಾಲ್ವರ್ ಸುಳ್ಳು ಹೇಳಿಲ್ಲ. ನೀವು ಕೊಟ್ಟ ಟಾಲರೆನ್ಸ್ ಒಂದೊಂದು ಹೆಜ್ಜೆಯ ತಪ್ಪಿಗೆ ಇಟ್ಟ ಮಿತಿ. t = 5 ರಲ್ಲಿ ಬರುವ ಉತ್ತರದ ತಪ್ಪಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಎರಡರ ನಡುವೆ ನಿಮ್ಮ ಸಮೀಕರಣದ ಸ್ವಭಾವ ಕೂತಿದೆ, ಅದನ್ನು ಸಾಲ್ವರ್ ನೋಡುವುದೇ ಇಲ್ಲ. ಇದು ಅರ್ಥವಾಗಬೇಕಾದರೆ ಹೆಜ್ಜೆಯೊಂದರೊಳಗೆ ನಡೆಯುವುದನ್ನು ಮೊದಲು ನೋಡಬೇಕು.

ನಿಜವಾದ ಉತ್ತರ ಗೊತ್ತಿಲ್ಲದಿದ್ದಾಗ ತಪ್ಪನ್ನು ಅಂದಾಜು ಮಾಡುವ ಉಪಾಯ ಇಷ್ಟೇ: ಒಂದೇ ಹೆಜ್ಜೆಯನ್ನು ಎರಡು ಸೂತ್ರಗಳಿಂದ ಲೆಕ್ಕ ಹಾಕುವುದು. ಒಂದು ಒರಟು ಸೂತ್ರ, ಇನ್ನೊಂದು ಅದಕ್ಕಿಂತ ಒಂದು ಆರ್ಡರ್ ಮೇಲಿನದು, ಅಂದರೆ ಹೆಜ್ಜೆ ಚಿಕ್ಕದಾದಂತೆ ತಪ್ಪು ಇನ್ನೂ ಬೇಗ ಕುಗ್ಗುವಂಥದ್ದು. ಎರಡರ ಉತ್ತರಗಳ ವ್ಯತ್ಯಾಸವೇ ಒರಟು ಸೂತ್ರದ ತಪ್ಪಿನ ಅಂದಾಜು, ಯಾಕೆಂದರೆ ಮೇಲಿನ ಸೂತ್ರದ ತಪ್ಪು ಅದಕ್ಕೆ ಹೋಲಿಸಿದರೆ ಗಣನೆಗೆ ಬಾರದಷ್ಟು ಚಿಕ್ಕದು. ಎರಡು ಸೂತ್ರ ಅಂದರೆ ಎರಡು ಪಟ್ಟು ಕೆಲಸ ಅಲ್ಲವೇ ಎಂದು ಕೇಳಬಹುದು. ಹಳೆಯ ವಿಧಾನದಲ್ಲಿ ಹೆಚ್ಚು ಕೆಲಸವೇ ಇತ್ತು: h ಗಾತ್ರದ ಎರಡು ಹೆಜ್ಜೆ ಇಟ್ಟು, ಅದೇ ದೂರವನ್ನು 2h ಗಾತ್ರದ ಒಂದೇ ಹೆಜ್ಜೆಯಲ್ಲಿ ಮತ್ತೆ ಕ್ರಮಿಸಿ, ಎರಡನ್ನೂ ಹೋಲಿಸುತ್ತಿದ್ದರು. ನಾಲ್ಕನೇ ಆರ್ಡರಿನ ರುಂಗೆ-ಕುಟ್ಟ ಸೂತ್ರಕ್ಕೆ ಅದರಲ್ಲಿ f ಅನ್ನು, ಅಂದರೆ ಸಮೀಕರಣದ ಬಲಬದಿಯನ್ನು, 11 ಸಲ ಲೆಕ್ಕ ಹಾಕಬೇಕು. ಜೋಡಿ ಸೂತ್ರದ ಜಾಣತನ ಇರುವುದು ಇಲ್ಲಿ. ಇಳಿಜಾರುಗಳನ್ನು, ಅಂದರೆ k1, k2, k3 ಇತ್ಯಾದಿಗಳನ್ನು, ಒಂದೇ ಸಲ ಲೆಕ್ಕ ಹಾಕಿ, ಅವುಗಳನ್ನೇ ಎರಡು ಬೇರೆ ತೂಕಗಳ ಪಟ್ಟಿಯಿಂದ ಕೂಡಿಸಿದರೆ ಎರಡು ಉತ್ತರ ಸಿಗುತ್ತವೆ. ನಾಸಾದಲ್ಲಿದ್ದ ಎರ್ವಿನ್ ಫೆಲ್‌ಬರ್ಗ್ 1969 ರ ವರದಿಯಲ್ಲಿ ಕೊಟ್ಟ ಜೋಡಿಗೆ ಆರು ಇಳಿಜಾರು ಸಾಕು, ಅಷ್ಟರಲ್ಲೇ ನಾಲ್ಕನೇ ಮತ್ತು ಐದನೇ ಆರ್ಡರಿನ ಎರಡೂ ಉತ್ತರ ಬರುತ್ತವೆ. ನೀವು ಬಳಸಿದ RK45 ಅದಲ್ಲ. ಅದು ಡಾರ್ಮಂಡ್ ಮತ್ತು ಪ್ರಿನ್ಸ್ 1980 ರಲ್ಲಿ ಪ್ರಕಟಿಸಿದ ಜೋಡಿ. ಅದಕ್ಕೆ ಏಳು ಇಳಿಜಾರು ಬೇಕು, ಆದರೆ ಏಳನೆಯದೇ ಮುಂದಿನ ಹೆಜ್ಜೆಯ ಮೊದಲನೆಯದಾಗುವುದರಿಂದ ಖರ್ಚು ಹೆಜ್ಜೆಗೆ ಆರೇ.

ಏಳು ಇಳಿಜಾರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದರೆ ಸಂಖ್ಯೆಗಳ ನಡುವೆ ವಿಷಯ ಕಳೆದುಹೋಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಚಿಕ್ಕ ಜೋಡಿಯನ್ನು ತೆಗೆದುಕೊಳ್ಳೋಣ: ಆಯ್ಲರ್ ಸೂತ್ರ ಒರಟು, ಹಾಯ್ನ್ ಸೂತ್ರ ಅದರ ಮೇಲಿನದು. ಸಮೀಕರಣ y' = −y, y(0) = 1. ಒಂದು ಹೆಜ್ಜೆಯ ತಪ್ಪು 0.01 ದಾಟಬಾರದು ಅನ್ನೋಣ.

ಮೊದಲು h = 0.5 ಇಟ್ಟು ನೋಡೋಣ. k1 = −1. ಆಯ್ಲರ್ ಉತ್ತರ 1 − 0.5 = 0.5. ಆ ತುದಿಯಲ್ಲಿ k2 = −0.5. ಎರಡು ಇಳಿಜಾರುಗಳ ಸರಾಸರಿ ತೆಗೆದುಕೊಳ್ಳುವ ಹಾಯ್ನ್ ಉತ್ತರ 1 − 0.5 × 0.75 = 0.625. ವ್ಯತ್ಯಾಸ 0.125. ಇದು ಮಿತಿಯ 12.5 ಪಟ್ಟು, ಆದ್ದರಿಂದ ಹೆಜ್ಜೆ ತಿರಸ್ಕಾರ. ನಿಜವಾದ ಉತ್ತರ 0.6065 ನಮಗೆ ಗೊತ್ತಿರುವುದರಿಂದ ಅಂದಾಜು ಎಷ್ಟು ಸರಿ ಎಂದೂ ನೋಡಬಹುದು: ಆಯ್ಲರ್‌ನ ನಿಜವಾದ ತಪ್ಪು 0.1065. ಸಾಲ್ವರ್ ಅಂದಾಜು ಮಾಡಿದ್ದು 0.125. ಇಷ್ಟು ದೊಡ್ಡ ಹೆಜ್ಜೆಗೆ ಇದು ಕೆಟ್ಟ ಅಂದಾಜೇನಲ್ಲ.

ಈಗ ಹೊಸ h ಎಷ್ಟು? ಆಯ್ಲರ್‌ನ ಒಂದು ಹೆಜ್ಜೆಯ ತಪ್ಪು h ನ ವರ್ಗದಂತೆ ಏರಿಳಿಯುತ್ತದೆ. ತಪ್ಪು 12.5 ಪಟ್ಟು ಇಳಿಯಬೇಕಾದರೆ h ಅನ್ನು √12.5 ರಿಂದ, ಅಂದರೆ ಸುಮಾರು 3.54 ರಿಂದ ಭಾಗಿಸಬೇಕು. ಆದರೆ ಕರಾರುವಾಕ್ಕಾಗಿ ಮಿತಿಯ ಅಂಚಿಗೇ ಗುರಿ ಇಟ್ಟರೆ ಅರ್ಧದಷ್ಟು ಸಲ ಕೂದಲೆಳೆಯಲ್ಲಿ ಮಿತಿ ದಾಟಿಬಿಡುತ್ತದೆ. ತಿರಸ್ಕಾರವಾದ ಹೆಜ್ಜೆಗೆ ಹಾಕಿದ ಕೆಲಸವೆಲ್ಲ ನೀರುಪಾಲು. ಅದಕ್ಕೆ 0.9 ರಂಥ ಒಂದು ಸಂಖ್ಯೆಯಿಂದ ಗುಣಿಸಿ ಸ್ವಲ್ಪ ಹಿಂದೆ ಸರಿಯುತ್ತಾರೆ: 0.5 × 0.9 ÷ 3.54 = 0.1273.

h = 0.1273 ಕ್ಕೆ ಮತ್ತೆ ಲೆಕ್ಕ ಹಾಕಿದರೆ ಆಯ್ಲರ್ 0.8727 ಕೊಡುತ್ತದೆ, ಹಾಯ್ನ್ 0.8808. ವ್ಯತ್ಯಾಸ 0.0081, ಮಿತಿಯೊಳಗಿದೆ, ಹೆಜ್ಜೆ ಪಾಸು. ಮುಂದಿನ ಹೆಜ್ಜೆಗೆ ಅದೇ ಸೂತ್ರ ಹಾಕಿದರೆ h ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅಲ್ಲಿ y ಸ್ವಲ್ಪ ಚಿಕ್ಕದಾಗಿರುವುದರಿಂದ ವ್ಯತ್ಯಾಸ 0.0071 ಕ್ಕೆ ಇಳಿಯುತ್ತದೆ, ಅದರ ಮುಂದಿನ h 0.1356 ಕ್ಕೆ ಏರುತ್ತದೆ. ಉತ್ತರ ಮಂದವಾಗುತ್ತ ಹೋದಂತೆ ಹೆಜ್ಜೆ ಉದ್ದವಾಗುತ್ತ ಹೋಗುವುದು ಹೀಗೆ. ಯಾವ ಜೋಡಿಗಾದರೂ ಸೂತ್ರ ಒಂದೇ:

```
h_new = h * min(10, max(0.2, 0.9 * err**(-1/(q+1))))
```

ಇಲ್ಲಿ err ಅಂದರೆ ಅಂದಾಜು ತಪ್ಪನ್ನು ಮಿತಿಯಿಂದ ಭಾಗಿಸಿದ್ದು, q ಒರಟು ಸೂತ್ರದ ಆರ್ಡರ್. RK45 ರಲ್ಲಿ q = 4, ಹಾಗಾಗಿ ವರ್ಗಮೂಲದ ಜಾಗದಲ್ಲಿ ಐದನೇ ಮೂಲ. 0.2 ಮತ್ತು 10 SciPy ಇಟ್ಟಿರುವ ಬೇಲಿಗಳು, ಒಂದೇ ಸಲಕ್ಕೆ ಹೆಜ್ಜೆ ವಿಪರೀತ ಕುಗ್ಗದಂತೆ, ಹಿಗ್ಗದಂತೆ. ತಿರಸ್ಕಾರವಾದ ಬೆನ್ನಿಗೇ ಪಾಸಾದ ಹೆಜ್ಜೆಯ ನಂತರ h ಅನ್ನು ಏರಿಸದ ನಿಯಮವೂ ಅದರಲ್ಲಿದೆ.

ಈ ಲೆಕ್ಕದಲ್ಲಿ ಒಂದು ವಿಚಿತ್ರ ನಿಮ್ಮ ಗಮನಕ್ಕೆ ಬಂದಿರಬಹುದು. ಅಳೆದದ್ದು ಆಯ್ಲರ್‌ನ ತಪ್ಪನ್ನು, ಆದರೆ ಮುಂದಕ್ಕೆ ಒಯ್ದದ್ದು ಹಾಯ್ನ್ ಉತ್ತರವನ್ನು. h = 0.1273 ರಲ್ಲಿ ಹಾಯ್ನ್ ಉತ್ತರದ ನಿಜವಾದ ತಪ್ಪು ಸುಮಾರು 0.00033, ಅಂದಾಜು ಮಾಡಿದ 0.0081 ಕ್ಕಿಂತ ಸುಮಾರು 24 ಪಟ್ಟು ಕಡಿಮೆ. ಕಟ್ಟುನಿಟ್ಟಾಗಿ ಹೇಳುವುದಾದರೆ, ನಾವು ಇಟ್ಟುಕೊಂಡ ಉತ್ತರದ ತಪ್ಪಿನ ಬಗ್ಗೆ ನಮ್ಮಲ್ಲಿ ಯಾವ ಅಂದಾಜೂ ಇಲ್ಲ, ಅದು ಎಸೆದ ಉತ್ತರಕ್ಕಿಂತ ಒಳ್ಳೆಯದು ಎಂಬ ನಂಬಿಕೆ ಮಾತ್ರ ಇದೆ. ಫೆಲ್‌ಬರ್ಗ್ ಇದಕ್ಕೆ ಒಪ್ಪದೆ ನಾಲ್ಕನೇ ಆರ್ಡರಿನ ಉತ್ತರವನ್ನೇ ಮುಂದಕ್ಕೆ ಒಯ್ಯುವಂತೆ ತನ್ನ ತೂಕಗಳನ್ನು ಹೊಂದಿಸಿದ್ದ. ಡಾರ್ಮಂಡ್ ಮತ್ತು ಪ್ರಿನ್ಸ್ ಐದನೆಯದನ್ನೇ ಒಯ್ಯುವ ಉದ್ದೇಶದಿಂದ ಅದರ ತಪ್ಪು ಆದಷ್ಟು ಕಡಿಮೆಯಾಗುವಂತೆ ತೂಕಗಳನ್ನು ಆರಿಸಿಕೊಂಡರು. ನನ್ನ ಮಟ್ಟಿಗೆ ಎರಡನೆಯವರದೇ ಸರಿ. ಕೈಯಲ್ಲಿ ಒಳ್ಳೆಯ ಉತ್ತರ ಇರುವಾಗ ತರ್ಕದ ಅಚ್ಚುಕಟ್ಟಿಗೋಸ್ಕರ ಕೆಟ್ಟದ್ದನ್ನು ಒಯ್ಯುವುದರಲ್ಲಿ ಅರ್ಥವಿಲ್ಲ.

ಇನ್ನು ನಿಮ್ಮ ಸಮೀಕರಣಕ್ಕೆ ಬರೋಣ. ಅದರ ಎಲ್ಲ ಪರಿಹಾರಗಳನ್ನೂ ಒಟ್ಟಿಗೆ ಬರೆದರೆ y = cos t + C·e^(5t). y(0) = 1 ಅಂದಾಗ C = 0, ಉಳಿಯುವುದು cos t. ಆದರೆ ಸಾಲ್ವರ್ ಮೊದಲ ಹೆಜ್ಜೆಯಲ್ಲೇ ಒಂದು ಚೂರು ತಪ್ಪುತ್ತದೆ. ಆ ಕ್ಷಣಕ್ಕೆ ಅದು cos t ಯ ಮೇಲೆ ಇಲ್ಲ, ಪಕ್ಕದ ಇನ್ನೊಂದು ಪರಿಹಾರದ ಮೇಲೆ ಇದೆ, C ಅತಿ ಚಿಕ್ಕದು ಆದರೆ ಸೊನ್ನೆಯಲ್ಲ. ಎರಡನೇ ಹೆಜ್ಜೆಯಲ್ಲಿ ಸಾಲ್ವರ್ ಕೇಳಿಕೊಳ್ಳುವ ಪ್ರಶ್ನೆ "cos t ಯಿಂದ ಎಷ್ಟು ದೂರ ಇದ್ದೇನೆ" ಎಂಬುದಲ್ಲ, "ಈಗ ನಿಂತಿರುವ ಬಿಂದುವಿನಿಂದ ಹೊರಡುವ ಪರಿಹಾರವನ್ನು ಸರಿಯಾಗಿ ಹಿಂಬಾಲಿಸುತ್ತಿದ್ದೇನೆಯೇ" ಎಂಬುದು. ಅದನ್ನು ನಿಷ್ಠೆಯಿಂದ ಹಿಂಬಾಲಿಸುತ್ತಲೇ ಇರುತ್ತದೆ. ಆ ಪಕ್ಕದ ಪರಿಹಾರ ಆಕಾಶಕ್ಕೆ ಏರಿದರೆ ಸಾಲ್ವರೂ ಅದರ ಜೊತೆ ಏರುತ್ತದೆ. ಪ್ರತಿ ಹೆಜ್ಜೆಯ ಅಂದಾಜೂ ಮಿತಿಯೊಳಗೆ ಇರುತ್ತದೆ, success: True ಬರುತ್ತದೆ. ಆ success ಗೆ ಅರ್ಥ, ಕೇಳಿದ t ಯ ತನಕ ತಲುಪಿದೆ ಎಂದಷ್ಟೇ.

ಏರಿಕೆ ಎಷ್ಟು ಎಂದು ನೋಡಿ. t = 2 ರಲ್ಲಿ e^10, ಅಂದರೆ ಸುಮಾರು 22,000. ಆರಂಭದಲ್ಲಿ ಆದ 1e-6 ತಪ್ಪು ಅಲ್ಲಿಗೆ 0.022 ಆಗಿರುತ್ತದೆ. t = 5 ರಲ್ಲಿ e^25, ಸುಮಾರು 7.2 × 10^10. ಅದೇ 1e-6 ಅಲ್ಲಿಗೆ 72,000 ಆಗುತ್ತದೆ. ಮೊದಲ ಹೆಜ್ಜೆಗಳಲ್ಲಿ ನಿಜವಾದ ತಪ್ಪು ಮಿತಿಗಿಂತ ನೂರು ಪಟ್ಟು ಕಡಿಮೆ ಇತ್ತು ಎಂದೇ ಇಟ್ಟುಕೊಂಡರೂ ಉತ್ತರ ಕೆಲಸಕ್ಕೆ ಬಾರದು. −5 ಹಾಕಿದಾಗ ಇದೇ ಪದ C·e^(−5t) ಆಗುತ್ತದೆ. ಆಗ ಪ್ರತಿ ಹೆಜ್ಜೆಯ ತಪ್ಪೂ ಮುಂದೆ ಹೋದಂತೆ ತಾನಾಗಿ ಅಳಿಸಿಹೋಗುತ್ತದೆ, ಕೊನೆಗೆ ಕಾಣುವುದು ಇತ್ತೀಚಿನ ಕೆಲವು ಹೆಜ್ಜೆಗಳ ತಪ್ಪು ಮಾತ್ರ. ಎರಡರಲ್ಲೂ ಹುಡುಕುವ ಪರಿಹಾರ ಅದೇ cos t, ಹೆಜ್ಜೆಗಳನ್ನು ಕಾಯುವ ನಿಯಮವೂ ಅದೇ.

ಟಾಲರೆನ್ಸ್ ಇನ್ನೂ ಬಿಗಿ ಮಾಡಿದರೆ ಸರಿಹೋಗುವುದಿಲ್ಲವೇ? ಸ್ವಲ್ಪ ದೂರದ ತನಕ ಹೋಗುತ್ತದೆ, ಅದು ಅಷ್ಟೇನೂ ದುಬಾರಿಯೂ ಅಲ್ಲ. RK45 ರಲ್ಲಿ ಟಾಲರೆನ್ಸ್ 100 ಪಟ್ಟು ಬಿಗಿಯಾದರೆ ಹೆಜ್ಜೆ 100 ರ ಐದನೇ ಮೂಲದಷ್ಟು, ಅಂದರೆ ಸುಮಾರು 2.5 ಪಟ್ಟು ಮಾತ್ರ ಚಿಕ್ಕದಾಗುತ್ತದೆ. ಕೊನೆಯ ತಪ್ಪು ಸುಮಾರು 100 ಪಟ್ಟು ಇಳಿಯುತ್ತದೆ. ಆದರೆ ಕಂಪ್ಯೂಟರಿನ ಸಂಖ್ಯೆಗಳಲ್ಲೇ ಸುಮಾರು 1e-16 ರಷ್ಟು ಪೂರ್ಣಾಂಕನದ ತಪ್ಪು ಇರುತ್ತದೆ, ಅದೂ 7.2 × 10^10 ರಿಂದ ಗುಣವಾಗುತ್ತದೆ. ಯಾವ ತಪ್ಪೂ ಮಾಡದ ಸಾಲ್ವರ್ ಸಿಕ್ಕರೂ t = 5 ರಲ್ಲಿ ಐದಾರು ದಶಮಾಂಶಗಳಾಚೆ ಭರವಸೆ ಇಲ್ಲ, t = 8 ರಲ್ಲಿ e^40 ಬಂದು ಅದೂ ಹೋಗುತ್ತದೆ. ಇಂಥ ಸಮೀಕರಣಕ್ಕೆ ಮದ್ದು ಟಾಲರೆನ್ಸ್‌ನಲ್ಲಿ ಇಲ್ಲ. ಬಲತುದಿಯ ಬೆಲೆ ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಬನ್ನಿ, ಆ ದಿಕ್ಕಿನಲ್ಲಿ ತಪ್ಪು ಅಳಿಯುತ್ತದೆ.

ನಿಜವಾದ ಉತ್ತರ ಗೊತ್ತಿಲ್ಲದ ಸಮೀಕರಣದಲ್ಲಿ ಇದನ್ನು ಪತ್ತೆ ಹಚ್ಚುವುದಕ್ಕೆ ಎರಡು ಪರೀಕ್ಷೆ ಸಾಕು. ಒಂದು, ಟಾಲರೆನ್ಸ್ 100 ಪಟ್ಟು ಬಿಗಿ ಮಾಡಿ ಮತ್ತೊಮ್ಮೆ ಓಡಿಸುವುದು. ಎರಡು ಓಟಗಳಲ್ಲೂ ಹೊಂದುವ ಅಂಕಿಗಳನ್ನಷ್ಟೇ ನಂಬಿ. ಇನ್ನೊಂದು, ಆರಂಭದ ಬೆಲೆಯನ್ನೇ 1e-6 ರಷ್ಟು ಅಲುಗಿಸಿ ಓಡಿಸುವುದು. ಮೊದಲನೆಯದರಲ್ಲಿ ಉತ್ತರ ಬದಲಾದರೆ ಟಾಲರೆನ್ಸ್ ಸಾಲದು. ಎರಡನೆಯದರಲ್ಲೂ ವಿಪರೀತ ಬದಲಾದರೆ ತಪ್ಪು ಸಾಲ್ವರ್‌ನದಲ್ಲ, ಸಮಸ್ಯೆಯೇ ಹಾಗಿದೆ.

```python
import numpy as np
from scipy.integrate import solve_ivp

for lam in (5, -5, -1000):
    f = lambda t, y: lam*(y - np.cos(t)) - np.sin(t)
    for tol in (1e-6, 1e-8):
        s = solve_ivp(f, (0, 5), [1.0], rtol=tol, atol=tol)
        n = s.t.size - 1
        rej = (s.nfev - 2)//6 - n
        print(lam, tol, s.y[0, -1] - np.cos(5), n, rej)
```

ಕೊನೆಯ ಎರಡು ಅಂಕಣಗಳು ಪಾಸಾದ ಹೆಜ್ಜೆಗಳು ಮತ್ತು ತಿರಸ್ಕಾರವಾದವು. RK45 ಆರಂಭಕ್ಕೆ f ಅನ್ನು ಎರಡು ಸಲ ಕರೆಯುತ್ತದೆ, ಆಮೇಲೆ ಪ್ರತಿ ಪ್ರಯತ್ನಕ್ಕೆ ಆರು ಸಲ. ತಿರಸ್ಕಾರಗಳನ್ನು SciPy ನೇರವಾಗಿ ಹೇಳದಿದ್ದರೂ nfev ನಿಂದ ಹೀಗೆ ಲೆಕ್ಕ ತೆಗೆಯಬಹುದು.

ಮೂರನೆಯದಾಗಿ −1000 ನ್ನು ಬೇಕೆಂದೇ ಸೇರಿಸಿದ್ದೇನೆ. ಅದರಲ್ಲೂ ಉತ್ತರ ಅದೇ cos t, ತಪ್ಪು ಅಳಿಸಿಹೋಗುವುದಂತೂ ಇನ್ನೂ ವೇಗ. ಅಷ್ಟು ನಯವಾದ ಉತ್ತರಕ್ಕೆ ಬೆರಳೆಣಿಕೆಯಷ್ಟು ಹೆಜ್ಜೆ ಸಾಕು ಅನ್ನಿಸುತ್ತದೆ. ಆದರೆ ಸಾವಿರಕ್ಕಿಂತ ಹೆಚ್ಚು ಹೆಜ್ಜೆ ಹಿಡಿಯುತ್ತವೆ. ಇಂಥ ಸಮೀಕರಣದಲ್ಲಿ ಡಾರ್ಮಂಡ್-ಪ್ರಿನ್ಸ್ ಸೂತ್ರಕ್ಕೆ h × 1000 ಸುಮಾರು 3.3 ದಾಟಿದರೆ, ಅಳಿಯಬೇಕಾದ ಚೂರು ತಪ್ಪು ಹೆಜ್ಜೆಯಿಂದ ಹೆಜ್ಜೆಗೆ ಬೆಳೆಯತೊಡಗುತ್ತದೆ. ಬೆಳೆದಾಗ ಎರಡು ಉತ್ತರಗಳ ವ್ಯತ್ಯಾಸವೂ ಬೆಳೆಯುತ್ತದೆ, ಸಾಲ್ವರ್ ಹೆಜ್ಜೆ ಕುಗ್ಗಿಸುತ್ತದೆ. ಕುಗ್ಗಿಸಿದಾಗ ಅದು ಅಳಿಯುತ್ತದೆ, ಅಂದಾಜು ಚೆನ್ನಾಗಿ ಕಾಣುತ್ತದೆ, ಸಾಲ್ವರ್ ಮತ್ತೆ ಹಿಗ್ಗಿಸಿ ಮತ್ತೆ ಪೆಟ್ಟು ತಿನ್ನುತ್ತದೆ. h ಹೀಗೆ 0.0033 ರ ಆಸುಪಾಸಿನಲ್ಲಿ ಓಲಾಡುತ್ತ ಉಳಿಯುತ್ತದೆ. t = 5 ತಲುಪಲು ಸುಮಾರು 1500 ಹೆಜ್ಜೆ, f ಕರೆಗಳು 9000 ರ ಮೇಲೆ. ಇಲ್ಲಿ ಗುರುತು ಸ್ಪಷ್ಟ: ಟಾಲರೆನ್ಸ್ ಸಡಿಲಿಸಿದರೂ ಹೆಜ್ಜೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ತಿರಸ್ಕಾರಗಳೂ ಮೇಲಿಂದ ಮೇಲೆ ಬರುತ್ತವೆ. ಈ ಓಲಾಟವನ್ನು ತಗ್ಗಿಸಲು 1988 ರಲ್ಲಿ ಗುಸ್ತಾಫ್‌ಸನ್, ಲುಂಡ್, ಸೋಡರ್‌ಲಿಂಡ್ ಅವರು ಹಿಂದಿನ ಹೆಜ್ಜೆಯ ಅಂದಾಜನ್ನೂ ಲೆಕ್ಕಕ್ಕೆ ಹಿಡಿಯುವ ಪಿಐ ನಿಯಂತ್ರಣವನ್ನು ತಂದರು. ಅದರಿಂದ ತಿರಸ್ಕಾರ ಕಡಿಮೆಯಾಗುತ್ತದೆ, 3.3 ರ ಗೋಡೆ ಮಾತ್ರ ಹಾಗೇ ಇರುತ್ತದೆ. ಅದನ್ನು ದಾಟಬೇಕಾದರೆ method="Radau" ಅಥವಾ "BDF" ಗೆ ಹೋಗಲೇಬೇಕು.

ಇಲ್ಲಿಯ ತನಕ ಅಂದಾಜು ಸರಿ ಎಂದೇ ನಂಬಿಕೊಂಡು ಬಂದೆವು. ಅಂದಾಜೇ ಮೋಸಹೋಗುವ ಸಂದರ್ಭಗಳೂ ಇವೆ, ಅವು ಹೆಚ್ಚು ಅಪಾಯಕಾರಿ. ವ್ಯವಸ್ಥೆ ಸುಮ್ಮನಿದ್ದು, t = 5 ರಿಂದ 6 ರ ತನಕ ಮಾತ್ರ ಒಂದು ಬಲ ಬಂದು ಹೋಗುತ್ತದೆ ಅನ್ನಿ. ಸುಮ್ಮನಿರುವಾಗ ಎರಡು ಉತ್ತರಗಳಿಗೂ ವ್ಯತ್ಯಾಸವೇ ಇರುವುದಿಲ್ಲ, h ಹೆಜ್ಜೆಗೆ ಹತ್ತು ಪಟ್ಟು ಹಿಗ್ಗುತ್ತ ಹೋಗುತ್ತದೆ. t = 3 ರಲ್ಲಿ h = 5 ಆಗಿದೆ ಎಂದುಕೊಳ್ಳಿ. ಡಾರ್ಮಂಡ್-ಪ್ರಿನ್ಸ್ ಇಳಿಜಾರು ನೋಡುವ ಜಾಗಗಳು ಹೆಜ್ಜೆಯ 0, 1/5, 3/10, 4/5, 8/9 ಮತ್ತು 1 ನೇ ಭಾಗಗಳಲ್ಲಿ. ಅಂದರೆ t = 3, 4, 4.5, 7, 7.44 ಮತ್ತು 8. 5 ರಿಂದ 6 ರ ನಡುವೆ ಅದು ಒಮ್ಮೆಯೂ ಇಣುಕಲಿಲ್ಲ. ಎಲ್ಲ ಇಳಿಜಾರೂ ಸೊನ್ನೆ, ಅಂದಾಜು ತಪ್ಪೂ ಸೊನ್ನೆ, ಹೆಜ್ಜೆ ಪಾಸು, ಬಲ ಬಂದದ್ದೇ ಲೆಕ್ಕದಲ್ಲಿಲ್ಲ. ಟಾಲರೆನ್ಸ್ 1e-12 ಮಾಡಿದರೂ ಸೊನ್ನೆ ಸೊನ್ನೆಯೇ, ಹಾಗಾಗಿ ಮೇಲೆ ಹೇಳಿದ ಮೊದಲ ಪರೀಕ್ಷೆಯೂ ಇಲ್ಲಿ ಕೈಕೊಡಬಹುದು. ಇಣುಕುವ ಜಾಗಗಳ ನಡುವಿನ ಅತಿ ದೊಡ್ಡ ಅಂತರ ಅರ್ಧ h. ಆದ್ದರಿಂದ max_step ಅನ್ನು ಬಲದ ಅವಧಿಯ ಎರಡು ಪಟ್ಟಿಗಿಂತ ಕಡಿಮೆ ಇಟ್ಟರೆ ಅದು ತಪ್ಪಿಸಿಕೊಳ್ಳುವುದಿಲ್ಲ. ಬಲ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ: 0–5, 5–6, 6 ರಿಂದ ಮುಂದೆ ಎಂದು ಮೂರು ತುಂಡಾಗಿ ಓಡಿಸುವುದು. ಆಗ ಹೆಜ್ಜೆಗಳು ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತವೆ, ಅಂಚಿನ ಮೇಲೆ ಸಾಲುಸಾಲು ತಿರಸ್ಕಾರವೂ ಆಗುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಪ್ರಶ್ನೆಯಲ್ಲಿ rtol ಮಾತ್ರ ಹೇಳಿದ್ದೀರಿ, atol ಕೊಡದೆ ಬಿಟ್ಟಿರಬೇಕು. ಆಗ ಅದು 1e-6 ಆಗಿರುತ್ತದೆ, ಮತ್ತು ಮಿತಿ atol + rtol × |y|. cos t ಗೆ ಇದರಿಂದ ತೊಂದರೆಯಿಲ್ಲ. ಆದರೆ y ಯ ಗಾತ್ರವೇ 1e-9 ಇರುವ ಸಮೀಕರಣದಲ್ಲಿ, ಉದಾಹರಣೆಗೆ ಅತಿ ಕಡಿಮೆ ಸಾಂದ್ರತೆಯ ರಾಸಾಯನಿಕದಲ್ಲಿ, ತಪ್ಪು ಉತ್ತರದ ಸಾವಿರ ಪಟ್ಟು ಇದ್ದರೂ ಪಾಸಾಗುತ್ತದೆ. rtol ಎಷ್ಟೇ ಬಿಗಿ ಮಾಡಿ, ಪ್ರಯೋಜನವಿಲ್ಲ. ಇನ್ನು ಚರಗಳು ಹಲವಿದ್ದಾಗ SciPy ಪ್ರತಿಯೊಂದರ ಅನುಪಾತದ ವರ್ಗಗಳ ಸರಾಸರಿ ತೆಗೆದು ಅದರ ಮೂಲ ನೋಡುತ್ತದೆ. ನೂರು ಚರಗಳಲ್ಲಿ ಒಂದು ಮಾತ್ರ ತನ್ನ ಮಿತಿಯನ್ನು 9 ಪಟ್ಟು ಮೀರಿದ್ದು ಉಳಿದವುಗಳಲ್ಲಿ ತಪ್ಪೇ ಇಲ್ಲದಿದ್ದರೆ ಸಿಗುವುದು √(81/100) = 0.9, ಹೆಜ್ಜೆ ಪಾಸು. ನಿಮಗೆ ಬೇಕಾದ ಚರ ಆ ಒಂದೇ ಆಗಿದ್ದರೆ ಅದಕ್ಕೆ ಮಾತ್ರ ಬೇರೆ atol ಕೊಡಿ. ಎಲ್ಲ ಚರಗಳಿಗೂ ಒಂದೇ ಸಂಖ್ಯೆಯ ಬದಲು, ಚರಕ್ಕೊಂದರಂತೆ ಪಟ್ಟಿ ಕೊಟ್ಟರೂ solve_ivp ಸ್ವೀಕರಿಸುತ್ತದೆ.